ಶಾಂತಮ್ಮ ಪಟ್ಟಿಯಲ್ಲಿ ‘ಶಂಥಮ್ಮ’ ಆಗಿದ್ದರೆ ಯಾವ ಕಾಗದ ತೋರಿಸಬೇಕು?

ಮತದಾರರ ಪಟ್ಟಿಯಲ್ಲಿ ಹೆಸರು ತಪ್ಪಾಗಿದೆ ಎಂದು ತಾಲ್ಲೂಕು ಕಚೇರಿಗೆ ಹೋಗುವವರು ಸಾಮಾನ್ಯವಾಗಿ ಕಾಗದದ ದೊಡ್ಡ ಕಂತೆಯನ್ನೇ ಹೊತ್ತು ಹೋಗುತ್ತಾರೆ. ಆಧಾರ್, ಪಡಿತರ ಚೀಟಿ, ಪಹಣಿ, ಬ್ಯಾಂಕಿನ ಪಾಸ್‌ಬುಕ್, ಎಲ್ಲವೂ ಪ್ಲಾಸ್ಟಿಕ್ ಕವರಿನೊಳಗೆ. ತಮ್ಮ ನಿಜವಾದ ಹೆಸರು ಯಾವುದೆಂದು ಸಾಬೀತು ಮಾಡಬೇಕು ಎಂಬುದು ಅವರ ಲೆಕ್ಕ. ಆದರೆ ಮೇಜಿನ ಆಚೆ ಕುಳಿತವರ ತಲೆಯಲ್ಲಿರುವ ಪ್ರಶ್ನೆ ಬೇರೆ. ಪಟ್ಟಿಯಲ್ಲಿ ಈಗಾಗಲೇ ಇರುವ ವ್ಯಕ್ತಿಯೂ ಅರ್ಜಿ ಹಾಕಿದ ವ್ಯಕ್ತಿಯೂ ಒಬ್ಬರೇ ಹೌದೋ ಅಲ್ಲವೋ ಎಂಬುದಷ್ಟೇ ಅವರಿಗೆ ಬೇಕು. ಇದನ್ನು ಅರ್ಥಮಾಡಿಕೊಂಡರೆ ಯಾವ ಕಾಗದ ಸಾಕು, ಯಾವುದು ಸಾಲದು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಅಧಿಕಾರಿಯ ಅನುಮಾನಕ್ಕೂ ಕಾರಣವಿದೆ. ತಿದ್ದುಪಡಿಯ ಹೆಸರಿನಲ್ಲಿ ಒಬ್ಬ ಮತದಾರರನ್ನು ಸದ್ದಿಲ್ಲದೆ ಇನ್ನೊಬ್ಬರನ್ನಾಗಿ ಮಾಡಿಬಿಡಬಹುದು. ಊರು ಬಿಟ್ಟು ಹೋದ ಜವರೇಗೌಡರ ಹೆಸರನ್ನು ಮೊದಲು ‘ಜಯರೇಗೌಡ’ ಎಂದು ತಿದ್ದಿಸಿ, ಆಮೇಲೆ ‘ಜಯರಾಮೇಗೌಡ’ ಮಾಡಿಸಿ, ತಂದೆಯ ಹೆಸರನ್ನೂ ಫೋಟೊವನ್ನೂ ಬದಲಿಸಿದರೆ ಹಳೆಯ ಮನುಷ್ಯ ಮಾಯ, ಹೊಸಬ ಹಾಜರು. ಹಾಗಾಗಿ ಒಂದಕ್ಷರ ತಪ್ಪಿದ್ದರೆ ಅಧಿಕಾರಿ ಹೆಚ್ಚೇನೂ ಕೇಳುವುದಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ಫೋಟೊ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಬದಲಿಸಿ ಎಂದರೆ ಹುಬ್ಬೇರಿಸುತ್ತಾರೆ, ಏರಿಸಲೇಬೇಕು.

ಒಂದು ಉದಾಹರಣೆಯನ್ನು ಹೆಣೆದುಕೊಂಡು ಮುಂದೆ ಹೋಗೋಣ. ಹಳ್ಳಿಮೈಸೂರಿನ ಕಡೆಯ ಒಬ್ಬ ಗೃಹಿಣಿ, ಹೆಸರು ಶಾಂತಮ್ಮ. ಗಂಡ ನಂಜೇಗೌಡ. ಪಟ್ಟಿಯಲ್ಲಿ ಆಕೆ ‘ಶಂಥಮ್ಮ’, ಗಂಡನ ಹೆಸರಿನ ಜಾಗದಲ್ಲಿ ‘ಸಂಜೇಗೌಡ’. ಆಧಾರ್ ಕಾರ್ಡಿನ ಕನ್ನಡ ಸಾಲಿನಲ್ಲಿ ‘ಶಾಂತಮ್ಮ’, ಇಂಗ್ಲಿಷ್ ಸಾಲಿನಲ್ಲಿ Shanthamma. ಪಡಿತರ ಚೀಟಿಯಲ್ಲಿ ಶಾಂತಮ್ಮ. ಆಕೆಯ ಹೆಸರಿಗಿರುವ ಜಮೀನಿನ ಪಹಣಿಯಲ್ಲಿ ‘ಶಾಂತಮ್ಮ ಕೋಂ ನಂಜೇಗೌಡ’. ಶಾಲೆಗೆ ಹೋಗಿಲ್ಲ, ಆದ್ದರಿಂದ ಅಂಕಪಟ್ಟಿ ಇಲ್ಲ.

ಮೊದಲ ತೊಡಕು ಕ್ಷೇತ್ರದ್ದೇ. ಹಳ್ಳಿಮೈಸೂರು ಹೊಳೆನರಸೀಪುರ ತಾಲ್ಲೂಕಿನಲ್ಲಿದೆ, ಆದರೆ ವಿಧಾನಸಭೆಗೆ ಅದು ಅರಕಲಗೂಡು ಕ್ಷೇತ್ರ. ಹಾಸನ ತಾಲ್ಲೂಕಿನ ಶಾಂತಿಗ್ರಾಮದವರು ಹೊಳೆನರಸೀಪುರ ಕ್ಷೇತ್ರದ ಮತದಾರರು, ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿಯವರೂ ಅಷ್ಟೆ. ಚನ್ನರಾಯಪಟ್ಟಣ ಪಟ್ಟಣದವರಿಗಂತೂ ಪಟ್ಟಿಯಲ್ಲಿ ತಮ್ಮ ಊರ ಹೆಸರಿನ ಕ್ಷೇತ್ರವೇ ಸಿಗುವುದಿಲ್ಲ. ಅವರ ಕ್ಷೇತ್ರ ಶ್ರವಣಬೆಳಗೊಳ, ಸಂಖ್ಯೆ 193. ಹಾಸನ 196, ಹೊಳೆನರಸೀಪುರ 197, ಅರಕಲಗೂಡು 198. ನಮ್ಮ ಶಾಂತಮ್ಮ ಹೊಳೆನರಸೀಪುರದ ಪಟ್ಟಿಯಲ್ಲಿ ಹುಡುಕಿದರೆ ಹೆಸರು ಸಿಗದೆ, ‘ಡಿಲೀಟ್ ಮಾಡಿಬಿಟ್ಟವ್ರೆ’ ಎಂದು ಗಾಬರಿಯಾಗುವುದು ಖಂಡಿತ.

ಈ ಗಾಬರಿಯಿಂದ ಒಂದು ದೊಡ್ಡ ತಪ್ಪು ಹುಟ್ಟುತ್ತದೆ. ಹೆಸರು ಸಿಗಲಿಲ್ಲವೆಂದೋ, ತಪ್ಪು ತಿದ್ದಿಸುವುದಕ್ಕಿಂತ ಹೊಸದಾಗಿ ಸೇರಿಸುವುದೇ ಸುಲಭವೆಂದೋ ಹೊಸ ಮತದಾರರ ನಮೂನೆ 6 ತುಂಬಿಬಿಡುತ್ತಾರೆ. ಸೈಬರ್ ಸೆಂಟರಿನ ಹುಡುಗರೂ ಕೆಲವೊಮ್ಮೆ ಇದೇ ದಾರಿ ತೋರಿಸುತ್ತಾರೆ. ಆಗ ಒಬ್ಬರೇ ಪಟ್ಟಿಯಲ್ಲಿ ಎರಡು ಕಡೆ ಕೂರುತ್ತಾರೆ. 1950ರ ಪ್ರಜಾಪ್ರತಿನಿಧಿ ಕಾಯ್ದೆ ಇದಕ್ಕೆ ಅವಕಾಶ ಕೊಡುವುದಿಲ್ಲ. ನಮೂನೆ 6ರಲ್ಲಿ ಬೇರೆಲ್ಲೂ ನನ್ನ ಹೆಸರಿಲ್ಲ ಎಂದು ಘೋಷಿಸಿ ಸಹಿ ಹಾಕಬೇಕು. ಅದು ಸುಳ್ಳೆಂದು ಗೊತ್ತಿದ್ದೂ ಹಾಕಿದರೆ ಅದೇ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಆ ಮಟ್ಟಕ್ಕೆ ಹೋಗದಿದ್ದರೂ, ಒಂದೇ ಫೋಟೊ ಎರಡು ಕಡೆ ಕಂಡಾಗ ಒಂದನ್ನು ತೆಗೆಯುತ್ತಾರೆ. ಯಾವುದು ಹೋಗುತ್ತದೆಂದು ಹೇಳಲಾಗದು.

ಹೆಸರು ತಿದ್ದಲು ಇರುವುದು ನಮೂನೆ 8. ಹಿಂದೆ ವಿಳಾಸ ಬದಲಾವಣೆಗೆ, ಕಾರ್ಡು ಕಳೆದರೆ ಬದಲಿ ಕಾರ್ಡಿಗೆ ಬೇರೆ ಬೇರೆ ನಮೂನೆಗಳಿದ್ದವು. 2022ರ ಆಗಸ್ಟ್ 1ರಿಂದ ಅವೆಲ್ಲ ನಮೂನೆ 8ರೊಳಕ್ಕೇ ಬಂದಿವೆ. ಆದ್ದರಿಂದ ಅದನ್ನು ತೆಗೆದ ಕೂಡಲೇ ನಾಲ್ಕು ಆಯ್ಕೆಗಳು ಎದುರಾಗುತ್ತವೆ: ಮನೆ ಬದಲಾವಣೆ, ಪಟ್ಟಿಯ ವಿವರಗಳ ತಿದ್ದುಪಡಿ, ತಿದ್ದುಪಡಿಯಿಲ್ಲದ ಬದಲಿ ಕಾರ್ಡು, ಅಂಗವಿಕಲರೆಂದು ಗುರುತು ಹಾಕಿಸುವುದು. ಶಾಂತಮ್ಮನವರಿಗೆ ಬೇಕಾದ್ದು ಎರಡನೆಯದು. ಬದಲಿ ಕಾರ್ಡನ್ನು ಒತ್ತಿದರೆ ತಪ್ಪು ಹೆಸರಿನ ಹೊಸ ಕಾರ್ಡು ಮನೆಗೆ ಬರುತ್ತದೆ, ಅಷ್ಟೇ. ಶುಲ್ಕ ಯಾವುದಕ್ಕೂ ಇಲ್ಲ. voters.eci.gov.in ತಾಣದಲ್ಲಿ ಮಾಡಬಹುದು, ಮೊಬೈಲ್ ಆ್ಯಪಿನಲ್ಲಿ ಮಾಡಬಹುದು, ಕಾಗದದಲ್ಲಿ ತುಂಬಿ ಮತಗಟ್ಟೆಯ ಬಿಎಲ್‌ಒ ಕೈಗೂ ಕೊಡಬಹುದು. ಬಿಎಲ್‌ಒ ಎಂದರೆ ಅಂಗನವಾಡಿ ಕಾರ್ಯಕರ್ತೆಯೋ ಶಾಲೆಯ ಮೇಷ್ಟ್ರೋ ಆಗಿರುವುದೇ ಹೆಚ್ಚು. ಯಾರೆಂದು ತಿಳಿಯದಿದ್ದರೆ 1950ಕ್ಕೆ ಫೋನು ಮಾಡಿದರೆ ಹೇಳುತ್ತಾರೆ.

ಈಗ ಪುರಾವೆಯ ಮಾತಿಗೆ ಬರೋಣ. ಹೆಸರಿನ ತಪ್ಪುಗಳಲ್ಲಿ ಮೂರು ಬಗೆ, ಮೂರಕ್ಕೂ ಅಧಿಕಾರಿಯ ನಿರೀಕ್ಷೆ ಬೇರೆ.

‘ಶಾಂತಮ್ಮ’ ‘ಶಂಥಮ್ಮ’ ಆಗಿರುವುದು ಮೊದಲ ಬಗೆ. ದೀರ್ಘ ಹೋಗಿದೆ, ತ ಇರುವಲ್ಲಿ ಥ ಬಂದಿದೆ. ಉಚ್ಚರಿಸಿದರೆ ಹೆಸರು ಅದೇ, ಬರವಣಿಗೆ ಕೆಟ್ಟಿದೆ. ಇಂಥದ್ದಕ್ಕೆ ಸರಿಯಾದ ಹೆಸರಿರುವ ಒಂದು ಸರ್ಕಾರಿ ದಾಖಲೆಯ ಪ್ರತಿ, ಅದರ ಮೇಲೆ ಅರ್ಜಿದಾರರದೇ ಸಹಿ ಇದ್ದರೆ ಸಾಕು. ಗೆಜೆಟೆಡ್ ಅಧಿಕಾರಿಯ ಸಹಿ ಬೇಡ, ನೋಟರಿಯ ಪ್ರಮಾಣಪತ್ರವೂ ಬೇಡ. ಆಧಾರ್ ಸಾಮಾನ್ಯವಾಗಿ ಸಾಕಾಗುತ್ತದೆ. ಆದರೆ ಒಂದು ಎಚ್ಚರ. ಹಾಸನ ಜಿಲ್ಲೆಯ ಹಳ್ಳಿಗಳ ಪಟ್ಟಿ ಅಚ್ಚಾಗುವುದು ಕನ್ನಡದಲ್ಲಿ. ಆಧಾರ್ ಕಾರ್ಡಿನಲ್ಲಿ ಕನ್ನಡದ ಸಾಲೊಂದು, ಇಂಗ್ಲಿಷಿನದೊಂದು. ಎಷ್ಟೋ ಕಾರ್ಡುಗಳಲ್ಲಿ ಇಂಗ್ಲಿಷ್ ಸರಿಯಿದ್ದು ಕನ್ನಡ ಕೆಟ್ಟಿರುತ್ತದೆ, ಏಕೆಂದರೆ ಇಂಗ್ಲಿಷಿನಲ್ಲಿ ಹೊಡೆದದ್ದನ್ನು ಯಂತ್ರ ಕನ್ನಡಕ್ಕೆ ತಿರುಗಿಸಿದೆ. ಕನ್ನಡದ ಸಾಲಿನಲ್ಲೂ ‘ಶಂಥಮ್ಮ’ ಎಂದೇ ಇದ್ದರೆ ಆಧಾರ್ ಇಲ್ಲಿ ಪುರಾವೆಯಾಗುವುದಿಲ್ಲ, ತಪ್ಪಿಗೆ ಇನ್ನೊಂದು ಸಾಕ್ಷಿಯಾಗುತ್ತದೆ. ಆಗ ಪಡಿತರ ಚೀಟಿಯನ್ನೋ ಪಹಣಿಯನ್ನೋ ಮುಂದಿಡಬೇಕು.

ಯಂತ್ರದ ಈ ತಿರುಗಿಸಾಟ ಮತದಾರರ ಪೋರ್ಟಲಿನಲ್ಲೂ ಇದೆ. ಇಂಗ್ಲಿಷ್ ಪೆಟ್ಟಿಗೆಯಲ್ಲಿ Shanthamma ಎಂದು ಹೊಡೆದ ತಕ್ಷಣ ಪಕ್ಕದ ಕನ್ನಡ ಪೆಟ್ಟಿಗೆ ತಾನಾಗಿ ತುಂಬಿಕೊಳ್ಳುತ್ತದೆ. th ಕಂಡರೆ ‘ಥ’ ಹಾಕುವುದು, ಒಂಟಿ a ಕಂಡರೆ ದೀರ್ಘ ನುಂಗುವುದು ಅದರ ಸ್ವಭಾವ. Gowda ಎಂಬುದು ಏನೇನೋ ಆಗಿ ಬರುತ್ತದೆ. ತಿದ್ದುಪಡಿಗೆಂದು ಹಾಕಿದ ಅರ್ಜಿಯಲ್ಲೇ ಹಳೆಯ ತಪ್ಪು ಮತ್ತೆ ನುಗ್ಗಿ, ಅದಕ್ಕೇ ಮಂಜೂರಾತಿ ಸಿಕ್ಕಿಬಿಡುವುದು ಹೀಗೆ. ಕನ್ನಡದ ಪೆಟ್ಟಿಗೆಯನ್ನು ಕೈಯಾರೆ ತಿದ್ದಬಹುದು, ತಿದ್ದಲೇಬೇಕು. ಕಾಗದದ ಅರ್ಜಿಯಾದರೆ ಹೆಸರನ್ನು ಬಿಡಿ ಅಕ್ಷರಗಳಲ್ಲಿ, ಒತ್ತಕ್ಷರ ಮತ್ತು ದೀರ್ಘ ಸ್ಪಷ್ಟವಾಗಿ ಕಾಣುವಂತೆ ಬರೆಯುವುದು ಒಳ್ಳೆಯದು. ಅದನ್ನು ನೋಡಿ ಟೈಪು ಮಾಡುವವರು ನಮ್ಮನ್ನು ಕಂಡವರಲ್ಲ.

ಎರಡನೆಯ ಬಗೆ ಹೆಸರಿನ ಒಂದು ತುಂಡು ಬಿಟ್ಟುಹೋಗಿರುವುದು ಅಥವಾ ಸೇರಿಕೊಂಡಿರುವುದು. ನಮ್ಮ ಕಡೆ ಮನೆತನದ ಹೆಸರಿಲ್ಲ, ಊರಿನದೂ ತಂದೆಯದೂ ಮೊದಲಕ್ಷರ ಇಟ್ಟುಕೊಳ್ಳುತ್ತೇವೆ. ಶಾಲೆಯಲ್ಲಿ ‘ಎಚ್.ಎನ್. ಮಂಜುನಾಥ’, ಆಧಾರಿನಲ್ಲಿ ‘ಮಂಜುನಾಥ ಎಚ್ ಎನ್’, ಪಟ್ಟಿಯಲ್ಲಿ ಬರೀ ‘ಮಂಜು’, ಪಹಣಿಯಲ್ಲಿ ‘ಮಂಜೇಗೌಡ ಬಿನ್ ನಂಜಪ್ಪ’. ‘ಮಂಜು’ವನ್ನು ‘ಎಚ್.ಎನ್. ಮಂಜುನಾಥ’ ಮಾಡಿ ಎಂದಾಗ ಒಂದು ದಾಖಲೆ ಸಾಲದು ಎಂದು ಅಧಿಕಾರಿ ಹೇಳಿದರೆ ಅದು ಕಿರುಕುಳವಲ್ಲ. ಒಂದೇ ಬೀದಿಯಲ್ಲಿ ನಾಲ್ಕು ಮಂಜು ಇರಬಹುದು. ಆಗ ಕೆಲಸಕ್ಕೆ ಬರುವುದು ಹೆಸರಲ್ಲ, ಹೆಸರಿನ ಸುತ್ತಲಿನ ವಿವರಗಳು: ತಂದೆಯ ಹೆಸರು, ಹುಟ್ಟಿದ ದಿನ, ಮನೆ ನಂಬರು, ಫೋಟೊ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿರುವ ತಂದೆಯ ಹೆಸರೂ ಹುಟ್ಟಿದ ದಿನವೂ ಪಟ್ಟಿಯ ‘ಮಂಜು’ವಿನ ವಿವರಕ್ಕೆ ಹೊಂದಿದರೆ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಲು ಆಧಾರ ಸಿಗುತ್ತದೆ. ಅಂಕಪಟ್ಟಿ ಹಳೆಯ ಕಾಗದ, ತಿದ್ದುಪಡಿ ಬೇಕೆನಿಸುವ ಮೊದಲೇ ಹುಟ್ಟಿದ್ದು, ಆದ್ದರಿಂದ ಅದಕ್ಕೆ ತೂಕ ಹೆಚ್ಚು. ಹೋದ ತಿಂಗಳು ಹೊಸದಾಗಿ ತಿದ್ದಿಸಿಕೊಂಡು ಬಂದ ಕಾರ್ಡಿಗಿಂತ ಇಪ್ಪತ್ತು ವರ್ಷದ ಹಿಂದಿನ ಕಾಗದ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಮೂರನೆಯದು ಹೆಸರೇ ಬದಲಾಗಿರುವುದು. ಮದುವೆಯ ನಂತರ ಅತ್ತೆಮನೆಯವರು ಇಟ್ಟ ಹೆಸರು, ಸಂಖ್ಯಾಶಾಸ್ತ್ರದವರು ಸೇರಿಸಿದ ಎರಡು ಅಕ್ಷರ, ಬೇರೆ ಧರ್ಮಕ್ಕೆ ಹೋದವರು ಇಟ್ಟುಕೊಂಡ ಹೆಸರು, ಇವೆಲ್ಲ ಇಲ್ಲಿಗೆ ಬರುತ್ತವೆ. ಇದು ಕಾಗುಣಿತದ ದೋಷವೇ ಅಲ್ಲ, ಕಾಗುಣಿತದ ಅರ್ಜಿಯಂತೆ ತುಂಬಿ ಕಳುಹಿಸಿದರೆ ತಿರಸ್ಕಾರ ಆಗುವ ಸಂಭವವೇ ಹೆಚ್ಚು. ಹಳೆಯ ಹೆಸರೂ ಹೊಸ ಹೆಸರೂ ಒಂದೇ ಕಾಗದದಲ್ಲಿ ಇರಬೇಕು. ರಾಜ್ಯಪತ್ರದ ಪ್ರಕಟಣೆ ಅಥವಾ ಮದುವೆ ನೋಂದಣಿ ಪತ್ರದಂಥದ್ದು ಆ ಸೇತುವೆ. ಬರೀ ಹೊಸ ಹೆಸರಿನ ಆಧಾರ್ ತೋರಿಸಿದರೆ ಆಚೆ ದಡ ಕಾಣುತ್ತದೆ, ಸೇತುವೆ ಕಾಣುವುದಿಲ್ಲ.

ಶಾಂತಮ್ಮನವರ ಅರ್ಜಿಯಲ್ಲಿ ಎರಡು ತಿದ್ದುಪಡಿ ಇತ್ತಲ್ಲ, ಎರಡನೆಯದು ಗಂಡನ ಹೆಸರು. ಜನ ಎಡವುವುದು ಹೆಚ್ಚಾಗಿ ಇಲ್ಲೇ. ಗಂಡನ ಆಧಾರ್ ಪ್ರತಿ ಲಗತ್ತಿಸಿ ಕೈತೊಳೆದುಕೊಳ್ಳುತ್ತಾರೆ. ಅದರಿಂದ ನಂಜೇಗೌಡ ಎಂಬೊಬ್ಬ ಮನುಷ್ಯ ಇದ್ದಾನೆಂದು ತಿಳಿಯುತ್ತದೆ, ಶಾಂತಮ್ಮ ಆತನ ಹೆಂಡತಿ ಎಂದು ತಿಳಿಯುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಹೆಸರಿಸುವ ದಾಖಲೆ ಬೇಕು. ಪಡಿತರ ಚೀಟಿಯಲ್ಲಿ ಮನೆಮಂದಿಯೆಲ್ಲ ಇರುತ್ತಾರೆ. ಪಹಣಿಯಲ್ಲಿ ‘ಕೋಂ ನಂಜೇಗೌಡ’ ಎಂದೇ ಇದೆ. ಜೊತೆಗೆ ಅದೇ ಭಾಗದ ಪಟ್ಟಿಯಲ್ಲಿ, ಅದೇ ಮನೆ ನಂಬರಿನಲ್ಲಿ, ಗಂಡನ ಹೆಸರು ನಂಜೇಗೌಡ ಎಂದು ಸರಿಯಾಗಿ ಅಚ್ಚಾಗಿದ್ದರೆ ಅದರ ಭಾಗ ಸಂಖ್ಯೆ, ಕ್ರಮ ಸಂಖ್ಯೆ ಬರೆದುಕೊಡುವುದು ಜಾಣತನ. ಅಧಿಕಾರಿ ತಮ್ಮದೇ ಪಟ್ಟಿಯನ್ನು ನಂಬದಿರಲಾರರು.

ಆನ್‌ಲೈನ್ ದಾರಿಯಲ್ಲಿ ಇತ್ತೀಚೆಗೆ ಒಂದು ಹೊಸ ಬಾಗಿಲು ಬಂದಿದೆ, ಅದಕ್ಕೆ ಕಾರಣ ನಮ್ಮ ರಾಜ್ಯದ್ದೇ ಒಂದು ಪ್ರಕರಣ. ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮೊದಲು ಮತದಾರರ ಹೆಸರು ತೆಗೆಯಲು 6,018 ಅರ್ಜಿಗಳು ಆನ್‌ಲೈನ್‌ನಲ್ಲಿ ಬಂದಿದ್ದವು. ಪರಿಶೀಲಿಸಿದಾಗ ಸರಿಯೆಂದು ಕಂಡದ್ದು 24 ಮಾತ್ರ. 2025ರ ಸೆಪ್ಟೆಂಬರಿನಲ್ಲಿ ಈ ವಿಷಯ ದೇಶದ ಮಟ್ಟದಲ್ಲಿ ಸದ್ದು ಮಾಡಿದ ಮೇಲೆ ಚುನಾವಣಾ ಆಯೋಗ ಆನ್‌ಲೈನ್ ಅರ್ಜಿಗಳಿಗೆ ಆಧಾರ್ ಆಧಾರಿತ ಇ-ಸಹಿ ತಂದಿತು. ಆಧಾರಿಗೆ ಜೋಡಿಸಿದ ಮೊಬೈಲಿಗೆ ಬಂದ ಓಟಿಪಿ ಹಾಕಬೇಕು. ಮತದಾರರ ಕಾರ್ಡಿನ ಹೆಸರೂ ಆಧಾರಿನ ಹೆಸರೂ ಒಂದೇ ಆಗಿರಬೇಕು ಎಂಬ ಸೂಚನೆಯೂ ಪೋರ್ಟಲಿನಲ್ಲಿ ಬಂತು. ಮತ್ತೊಬ್ಬರ ಹೆಸರಿನಲ್ಲಿ ಅರ್ಜಿ ಹಾಕುವವರನ್ನು ತಡೆಯಲು ಇದು ಒಳ್ಳೆಯದೇ. ಆದರೆ ಹೆಸರು ತಪ್ಪಾಗಿದೆ ಎಂದೇ ಬಂದವರಿಗೆ ಹೆಸರು ಹೊಂದಬೇಕು ಎಂದರೆ ಹೇಗೆ? ಇ-ಸಹಿಯ ಹಂತದಲ್ಲಿ ಸಿಕ್ಕಿಕೊಂಡವರು ಮತ್ತೆ ಮತ್ತೆ ಗುಂಡಿ ಒತ್ತುತ್ತ ಕೂರುವ ಬದಲು ಕಾಗದದ ನಮೂನೆ 8 ತುಂಬಿ ಬಿಎಲ್‌ಒಗೆ ಕೊಡುವುದು ಮೇಲು. ಮೊಬೈಲ್ ನಂಬರು ಆಧಾರಿಗೆ ಸೇರದ ವಯಸ್ಸಾದವರಿಗಂತೂ ಇದೇ ಹೆದ್ದಾರಿ.

ಆಧಾರಿನಲ್ಲೂ ತಪ್ಪು, ಪಡಿತರ ಚೀಟಿಯಲ್ಲೂ ತಪ್ಪು, ಒಂದೊಂದರಲ್ಲಿ ಒಂದೊಂದು ಎಂದಾದರೆ ತಿದ್ದುವ ಕ್ರಮವನ್ನು ಮೊದಲು ನಿರ್ಧರಿಸಬೇಕು. ಓದಿದವರಿಗೆ ಅಂಕಪಟ್ಟಿಯನ್ನು ತಾಯಿಬೇರು ಎಂದಿಟ್ಟುಕೊಂಡು, ಅದರಂತೆ ಆಧಾರ್ ಸರಿಮಾಡಿಸಿ, ಆಮೇಲೆ ಮತದಾರರ ಪಟ್ಟಿಗೆ ಬರುವುದು ನನಗೆ ಕಂಡ ನೇರ ದಾರಿ. ಆಧಾರಿನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ. ಕನ್ನಡದ ಸಾಲು ನೋಡದೆ ಒಂದನ್ನು ವ್ಯರ್ಥ ಮಾಡಿಕೊಳ್ಳಬಾರದು.

ಅರ್ಜಿ ಸೇರಿದ ಮೇಲೆ ಒಂದು ಉಲ್ಲೇಖ ಸಂಖ್ಯೆ ಸಿಗುತ್ತದೆ. ಕಾಗದದ ಅರ್ಜಿಯಾದರೆ ಸ್ವೀಕೃತಿ ಚೀಟಿ ಹರಿದುಕೊಡುತ್ತಾರೆ, ಕೇಳಿ ಪಡೆಯಬೇಕು. 1960ರ ಮತದಾರರ ನೋಂದಣಿ ನಿಯಮಗಳಂತೆ ಅರ್ಜಿಯ ಪ್ರತಿಯನ್ನು ಕಚೇರಿಯಲ್ಲಿ ಅಂಟಿಸಿ ಏಳು ದಿನ ಆಕ್ಷೇಪಣೆಗೆ ಕಾಯುತ್ತಾರೆ. ಇದರ ನಡುವೆ ಬಿಎಲ್‌ಒ ಮನೆಗೆ ಬರುತ್ತಾರೆ. ಪ್ರಶ್ನೆಗಳು ಸರಳ. “ಅಮ್ಮಾ, ಮನೇಲಿ ಎಷ್ಟು ಓಟಿದಾವೆ? ಹೋದ ಸಲ ಯಾವ ಸ್ಕೂಲಲ್ಲಿ ಹಾಕಿದ್ರಿ?” ಎಂದು ಕೇಳುತ್ತ ಪಟ್ಟಿಯ ಫೋಟೊವನ್ನೂ ಎದುರಿನ ಮುಖವನ್ನೂ ನೋಡುತ್ತಾರೆ. ಮೊದಲಿಗೆ ಹೇಳಿದ ಆ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ನಿಜವಾಗಿ ನಡೆಯುವುದು ಇಲ್ಲಿ. ಮನೆಗೆ ಬೀಗವಿದ್ದು, ಅಕ್ಕಪಕ್ಕದವರು ‘ಅವ್ರು ಬೆಂಗಳೂರಲ್ಲವ್ರೆ’ ಎಂದುಬಿಟ್ಟರೆ ತಿದ್ದುಪಡಿಯ ಮಾತು ಪಕ್ಕಕ್ಕೆ ಸರಿದು, ಈ ಮತದಾರರು ಊರಲ್ಲಿದ್ದಾರೋ ಇಲ್ಲವೋ ಎಂಬ ಬೇರೆಯೇ ವಿಚಾರಣೆ ಶುರುವಾಗಬಹುದು. ಮೂಲ ಕಾಗದಗಳು ಮನೆಯವರೊಬ್ಬರ ಕೈಗೆ ಸಿಗುವಂತಿರಲಿ.

ಬಿಎಲ್‌ಒ ವರದಿ ನೋಡಿ ತೀರ್ಮಾನಿಸುವವರು ಮತದಾರರ ನೋಂದಣಾಧಿಕಾರಿ, ಅವರಿಗೆ ಸಹಾಯಕರಾಗಿ ತಹಶೀಲ್ದಾರರು. ಕಾಯ್ದೆಯ 22ನೇ ಕಲಂ ಅವರಿಗೆ ಕೊಟ್ಟಿರುವ ಅಧಿಕಾರದಲ್ಲಿ ಎರಡು ಸಂಗತಿ ಗಮನಾರ್ಹ. ತಪ್ಪಿದೆ ಎಂದು ವಿಚಾರಣೆಯಿಂದ ಮನವರಿಕೆಯಾಗಬೇಕು ಎಂದಷ್ಟೇ ಅದು ಹೇಳುತ್ತದೆ, ಇಂಥದೇ ಕಾಗದ ಬೇಕೆಂದು ಹೇಳುವುದಿಲ್ಲ. ಅರ್ಜಿಯಿಲ್ಲದೆ ತಾವಾಗಿಯೂ ಅವರು ತಿದ್ದಬಹುದು. ಒಂದು ಬೀದಿಯ ಪಟ್ಟಿಯಲ್ಲಿ ಗೌಡರೆಲ್ಲ ‘ಗೊವ್ಡ’ ಆಗಿದ್ದರೆ ಮನೆಮನೆಯವರೂ ಅರ್ಜಿ ಹಾಕಬೇಕಿಲ್ಲ, ಗ್ರಾಮದವರು ಕ್ರಮ ಸಂಖ್ಯೆಗಳ ಪಟ್ಟಿ ಮಾಡಿ ಅವರ ಗಮನಕ್ಕೆ ತಂದರೂ ಕಾನೂನು ಅಡ್ಡ ಬರುವುದಿಲ್ಲ. ಅರ್ಜಿ ತಿರಸ್ಕಾರವಾದರೆ ಹದಿನೈದು ದಿನದೊಳಗೆ ಹಾಸನದ ಜಿಲ್ಲಾಧಿಕಾರಿಗೆ, ಅಲ್ಲೂ ಆಗದಿದ್ದರೆ ಮೂವತ್ತು ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ ಹೋಗಬಹುದು. ಆದರೆ ತಿರಸ್ಕಾರಕ್ಕೆ ಕಾರಣ ಮಸುಕಾದ ಜೆರಾಕ್ಸೋ ಹೊಂದದ ದಾಖಲೆಯೋ ಆಗಿದ್ದರೆ ಮೇಲ್ಮನವಿಗಿಂತ ಸರಿಯಾದ ಕಾಗದದೊಂದಿಗೆ ಇನ್ನೊಂದು ಅರ್ಜಿ ಬೇಗ ಮುಗಿಯುತ್ತದೆ.

ಕಾಲದ ಲೆಕ್ಕವೂ ಇದೆ. ಚುನಾವಣೆ ಘೋಷಣೆಯಾಗಿ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಕಳೆದ ಮೇಲೆ ಆ ಕ್ಷೇತ್ರದ ಪಟ್ಟಿಯಲ್ಲಿ ಒಂದಕ್ಷರವನ್ನೂ ಮುಟ್ಟುವಂತಿಲ್ಲ. ಏಳು ದಿನದ ಆಕ್ಷೇಪಣೆ ಅವಧಿಯನ್ನೂ ಸೇರಿಸಿದರೆ, ಚುನಾವಣೆ ಘೋಷಣೆಯಾದ ಮೇಲೆ ಓಡಾಡುವುದು ಹೆಚ್ಚುಪಾಲು ನಿಷ್ಫಲ. ಹಾಗೆಂದು ತಪ್ಪು ಹೆಸರಿನವರು ಅಂದು ಮನೆಯಲ್ಲೇ ಉಳಿಯಬೇಕಿಲ್ಲ. 1961ರ ಚುನಾವಣಾ ನಿರ್ವಹಣಾ ನಿಯಮಗಳ 49-ಎಚ್ ನಿಯಮ ಮತಗಟ್ಟೆ ಅಧ್ಯಕ್ಷಾಧಿಕಾರಿಗೆ ಸ್ಪಷ್ಟವಾಗಿ ಹೇಳಿದೆ: ವ್ಯಕ್ತಿ ಅವರೇ ಎಂದು ಮನವರಿಕೆಯಾದರೆ ಪಟ್ಟಿಯಲ್ಲಿನ ಬರಹದ ಅಥವಾ ಅಚ್ಚಿನ ತಪ್ಪನ್ನು ಲೆಕ್ಕಿಸಬಾರದು. ‘ಶಂಥಮ್ಮ’ನ ಓಟು ಶಾಂತಮ್ಮ ಹಾಕಬಹುದು.

ಓಟು ಹಾಕಬಹುದಾದರೆ ತಿದ್ದಿಸುವ ಶ್ರಮವೇಕೆ ಎಂದು ಕೇಳಬಹುದು. 2025ರ ನವೆಂಬರಿನಿಂದ ಕೇರಳ, ತಮಿಳುನಾಡು, ಪಶ್ಚಿಮ ಬಂಗಾಳ ಮುಂತಾದ ಕಡೆ ನಡೆದ ವಿಶೇಷ ತೀವ್ರ ಪರಿಷ್ಕರಣೆಯಲ್ಲಿ ಮತದಾರರು ತಮ್ಮನ್ನೋ ತಂದೆತಾಯಿಯನ್ನೋ ಇಪ್ಪತ್ತು ವರ್ಷಕ್ಕೂ ಹಿಂದಿನ ಪಟ್ಟಿಗೆ ಜೋಡಿಸಿ ತೋರಿಸಬೇಕಾಯಿತು. ಅಂಥ ಜೋಡಣೆಯಲ್ಲಿ ಮತಗಟ್ಟೆಯ ಉದಾರ ನಿಯಮ ನೆರವಿಗೆ ಬರುವುದಿಲ್ಲ. ‘ಸಂಜೇಗೌಡ’ನ ಹೆಂಡತಿಯನ್ನು, ಮುಂದೆ ಅವರ ಮಗನನ್ನು, ನಂಜೇಗೌಡರ ಹಳೆಯ ನಮೂದಿಗೆ ಹೊಂದಿಸುವುದು ಕಷ್ಟ. ತನ್ನ ಹೆಸರಿನಷ್ಟೇ ಸಂಬಂಧಿಯ ಹೆಸರನ್ನೂ ನೋಡಿಕೊಳ್ಳಿ ಎನ್ನುವುದು ಇದಕ್ಕೇ.

ಅರ್ಜಿ ಮಂಜೂರಾಗಿದೆ ಎಂಬ ಸಂದೇಶ ಬಂದರೆ ಕೆಲಸ ಮುಗಿಯಿತೆಂದು ಸುಮ್ಮನಾಗಬೇಡಿ. ಪಟ್ಟಿಯಲ್ಲಿ ತಿದ್ದುಪಡಿಯಾದ ಹದಿನೈದು ದಿನದೊಳಗೆ ಹೊಸ ಕಾರ್ಡು ಅಂಚೆಯಲ್ಲಿ ತಲುಪಬೇಕೆಂದು ಆಯೋಗ 2025ರ ಜೂನಿನಲ್ಲಿ ಹೇಳಿದೆ. ಕಾರ್ಡು ಬರುವ ಮೊದಲೇ ಪೋರ್ಟಲಿನಲ್ಲಿ ಕಾರ್ಡಿನ ಸಂಖ್ಯೆ ಹಾಕಿ, ಕನ್ನಡದ ಹೆಸರು, ಇಂಗ್ಲಿಷಿನ ಹೆಸರು, ಗಂಡನ ಹೆಸರು ಎಲ್ಲವನ್ನೂ ಒಮ್ಮೆ ಓದಬೇಕು. ಪಟ್ಟಿಯಲ್ಲಿ ಸರಿಯಾಗಿದ್ದು ಕಾರ್ಡಿನಲ್ಲಿ ಮಾತ್ರ ಹಳೆಯ ತಪ್ಪು ಉಳಿದಿದ್ದರೆ ಇನ್ನು ಯಾವ ಪುರಾವೆಯೂ ಬೇಡ. ಆಗ ಮತ್ತೊಂದು ನಮೂನೆ 8ರಲ್ಲಿ ಮೊದಲು ಬೇಡವೆಂದ ಆ ‘ತಿದ್ದುಪಡಿಯಿಲ್ಲದ ಬದಲಿ ಕಾರ್ಡು’ ಎಂಬುದನ್ನೇ ಆರಿಸಬೇಕು.